ಕರೆ ಕಟ್ಟಿಸುವ ಮಳೆ, ಬಳ್ಳಿ ಕೊಲ್ಲುವ ಮಳೆ

ಕಾಳುಮೆಣಸಿಗೆ ಬೇಕಾದದ್ದೂ ಮಳೆ, ಬೇಡವಾದದ್ದೂ ಅದೇ ಮಳೆ. ಹಾಗಾಗಿ ನನ್ನ ಕೆಲಸವೆಲ್ಲ ಎರಡು ಕಡೆ ನಿಂತಿದೆ: ಮರದ ತುದಿಯಲ್ಲಿ ಬೆಳಕು, ಬಳ್ಳಿಯ ಬುಡದಲ್ಲಿ ಗಾಳಿ.

ನನ್ನ ಬಳ್ಳಿಗಳು ಹೆಚ್ಚಾಗಿ ಸಿಲ್ವರ್ ಓಕ್ ಮತ್ತು ಹಾಲವಾಣದ ಮೇಲಿವೆ. ಮರದ ಉತ್ತರ ಭಾಗಕ್ಕೆ, ಬುಡದಿಂದ ಒಂದಡಿ ದೂರದಲ್ಲಿ ನೆಡುತ್ತೇನೆ. ಮಧ್ಯಾಹ್ನದ ಬಿಸಿಲು ಎಳೆ ಬಳ್ಳಿಗೆ ನೇರವಾಗಿ ಹೊಡೆಯಬಾರದು. ಬಳ್ಳಿ ಎಂಟು ಹತ್ತು ಗಂಟು ಮೇಲೇರಿದ ಮೇಲೆ ತುದಿ ಚಿವುಟುತ್ತೇನೆ. ಆಗ ಕೆಳಗಿನ ಗಂಟುಗಳಿಂದ ಮೂರು ನಾಲ್ಕು ಬಳ್ಳಿ ಒಡೆದು ಮರವನ್ನು ಸುತ್ತಲೂ ತುಂಬಿಕೊಳ್ಳುತ್ತವೆ. ಒಂದೇ ಬಳ್ಳಿ ಸುಮ್ನೆ ಮೇಲಕ್ಕೆ ಓಡಿದರೆ ಕೆಳಗೆಲ್ಲ ಬೋಳು. ಕಟ್ಟುವಾಗ ಗಂಟಿನ ಹತ್ತಿರವೇ ಬಾಳೆನಾರು ಹಾಕಬೇಕು. ಬೇರು ಹೊರಡುವುದು ಗಂಟಿನಿಂದ, ತೊಗಟೆ ಹಿಡಿಯುವುದು ಆ ಬೇರು. ಮರ ಹಿಡಿಯದೆ ಜೋತುಬಿದ್ದ ಬಳ್ಳಿಯಲ್ಲಿ ಕರೆ, ಅಂದರೆ ಹೂವು ಬಿಟ್ಟು ಕಾಳು ಕಟ್ಟುವ ತೆನೆ, ಬಿಡುವ ಅಡ್ಡ ಕವಲು ಸರಿಯಾಗಿ ಬರುವುದಿಲ್ಲ.

ನೆರಳು ಮರದ ಕೊಂಬೆ ಸವರುವ ಮರಗಸಿಯನ್ನು ಮುಂಗಾರಿಗೆ ಮುಂಚೆಯೇ, ಏಪ್ರಿಲ್ ಮೇ ತಿಂಗಳಲ್ಲಿ ಮುಗಿಸುತ್ತೇನೆ. ಕರೆ ಬರುವುದು ಅಡ್ಡ ಕವಲಿನ ಹೊಸ ಚಿಗುರಿನಲ್ಲಿ, ಎಲೆಯ ಎದುರಿಗೆ. ಅಂದರೆ ಚಿಗುರಿಲ್ಲದೆ ಕರೆ ಇಲ್ಲ. ಮೊದಲ ಮಳೆ ಬಿದ್ದಾಗ ಬಳ್ಳಿಗೆ ಬೆಳಕೂ ಸಿಕ್ಕರೆ ಚಿಗುರು ಒಟ್ಟಿಗೆ ಹೊರಡುತ್ತದೆ. ಪಣಿಯೂರ್-1 ತಳಿಗಂತೂ ದಟ್ಟ ನೆರಳು ಆಗುವುದೇ ಇಲ್ಲ. ಕರೆ ಉದ್ದ ಬಂದರೂ ಕಾಳು ಕಟ್ಟುವುದು ಕಡಿಮೆ. ಆಮೇಲೆ ಬೇಕಾದದ್ದು ಬಿಡದೆ ಬೀಳುವ ತುಂತುರು. ಪರಾಗ ಕರೆಯ ಉದ್ದಕ್ಕೂ ಕೆಳಗಿಳಿಯಲು ನೀರು ನೆರವಾಗುತ್ತದೆ. ಕರೆ ಹೊರಟ ಮೇಲೆ ಮಳೆ ಕೆಲವು ದಿನ ಕೈಕೊಟ್ಟರೆ ಕಾಳಿನ ನಡುವೆ ಖಾಲಿ ಜಾಗ ಉಳಿಯುತ್ತದೆ, ಎಳೆ ಕರೆಯೂ ಉದುರುತ್ತದೆ. ಅಂಥ ಬಿಡುವಿನಲ್ಲಿ ನಾನು ಬುಡಕ್ಕಷ್ಟೇ ಅಲ್ಲ, ಬಳ್ಳಿ ಮೇಲೂ ನೀರು ಚಿಮುಕಿಸುತ್ತೇನೆ.

ಇನ್ನು ಸೊರಗು ರೋಗ. ಇದನ್ನು ತರುವ ಫೈಟಾಫ್ತೊರ ಎಂಬ ರೋಗಾಣು ಮಣ್ಣಿನಲ್ಲಿರುತ್ತದೆ. ಮಳೆಹನಿ ಸಿಡಿಸಿದ ಮಣ್ಣಿನ ಜೊತೆ ಅದು ಮೊದಲು ಹತ್ತುವುದು ನೆಲಕ್ಕೆ ತಾಗಿದ ಎಲೆಗೆ, ನೆಲದಲ್ಲಿ ಹರಿದ ಹಬ್ಬು ಬಳ್ಳಿಗೆ. ಅದಕ್ಕೇ ಮಳೆಗೆ ಮುಂಚೆ ಹಬ್ಬು ಬಳ್ಳಿಗಳನ್ನು ಕತ್ತರಿಸುತ್ತೇನೆ, ಬೇಕಾದವನ್ನು ಎತ್ತಿ ಮರಕ್ಕೆ ಕಟ್ಟುತ್ತೇನೆ. ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಬಿಡಿಸುತ್ತೇನೆ.

ಕರೆ ಹೊರಡುವ ಮುಂಚೆಯೇ ಶೇಕಡಾ 1ರ ಬೋರ್ಡೋ ಸಿಂಪಡಣೆ. ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತೇನೆ. ಉಲ್ಟಾ ಮಾಡಬಾರದು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಅದನ್ನು ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತದೆ. ಬುಡಕ್ಕೆ ಶೇಕಡಾ 0.2ರ ಕಾಪರ್ ಆಕ್ಸಿಕ್ಲೋರೈಡ್, ದೊಡ್ಡ ಬಳ್ಳಿಗೆ 5ರಿಂದ 10 ಲೀಟರ್. ಆಗಸ್ಟ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಎರಡನ್ನೂ ಮತ್ತೊಮ್ಮೆ. ರೋಗಾಣುವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಹಾಕುವವರು ತಾಮ್ರದ ಜೊತೆಗೇ ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ. ನಡುವೆ ಕೆಲವು ವಾರದ ಅಂತರ ಇರಲಿ.

ಒಂದು ಜುಲೈನಲ್ಲಿ ತಗ್ಗಿನ ಅಂಚಿನ ಎರಡು ಬಳ್ಳಿಗಳಲ್ಲಿ ರೋಗ ಕಂಡಿತು. ಒಂದರಲ್ಲಿ ಕೆಳಗಿನ ಎಲೆಗಳ ಮೇಲೆ ಕಪ್ಪು ಮಚ್ಚೆ ಇತ್ತು. ಎಲೆಯನ್ನು ಬೆಳಕಿಗೆ ಹಿಡಿದರೆ ಮಚ್ಚೆಯ ಅಂಚು ನೀರು ಹೀರಿದಂತೆ, ಎಳೆ ಎಳೆಯಾಗಿ ಹರಡಿತ್ತು. ಇನ್ನೊಂದರಲ್ಲಿ ಹಸಿರೆಲೆಗಳೇ ಬಾಡಿ ನೇತಾಡುತ್ತಿದ್ದವು. ಬುಡದ ತೊಗಟೆ ಕೆರೆದು ನೋಡಿದೆ. ಮೊದಲನೆಯದು ಒಳಗೆ ಹಸಿರಾಗಿಯೇ ಇತ್ತು. ಎರಡನೆಯದು ಕಂದುಕಪ್ಪು, ಕೊಳೆತು ಲೋಳೆಯಾಗಿ ವಾಸನೆ ಬರುತ್ತಿತ್ತು.

ಬುಡ ಕೊಳೆತ ಬಳ್ಳಿಯನ್ನು ಯಾವ ಔಷಧಿಯೂ ಉಳಿಸುವುದಿಲ್ಲ. ಅದನ್ನು ಬೇರುಸಮೇತ ಕಿತ್ತು, ಉದುರಿದ ಎಲೆಗಳನ್ನೂ ಬಾಚಿ ತೋಟದ ಹೊರಗೆ ಸುಟ್ಟೆ. ಗುದ್ದಲಿ, ಕತ್ತಿ ತೊಳೆಯದೆ ಬೇರೆ ಬಳ್ಳಿ ಮುಟ್ಟಲಿಲ್ಲ. ಮೊದಲನೆಯದರ ಮಚ್ಚೆ ಎಲೆಗಳನ್ನೆಲ್ಲ ತೆಗೆದು, ಅದಕ್ಕೂ ಅಕ್ಕಪಕ್ಕದ ಬಳ್ಳಿಗಳಿಗೂ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಅನ್ನು ಲೀಟರಿಗೆ 1.25 ಗ್ರಾಂ ಲೆಕ್ಕದಲ್ಲಿ ಎಲೆಗೂ ಬುಡಕ್ಕೂ ಕೊಟ್ಟೆ. ಮೇಲಿನಿಂದ ನೀರು ಹರಿದು ಬರುತ್ತಿದ್ದ ದಾರಿಗೆ ಅಡ್ಡ ಕಾಲುವೆ ತೋಡಿ ಬೇರೆ ಕಡೆ ತಿರುಗಿಸಿದೆ. ಆ ಬಳ್ಳಿ ಉಳಿಯಿತು, ಕೆಳಗಿನ ಕರೆಗಳು ಮಾತ್ರ ಉದುರಿದವು.

ಮಳೆ ನಿಂತ ಮೇಲೂ ಅಕ್ಟೋಬರ್, ನವೆಂಬರ್‌ನಲ್ಲಿ ಆ ಅಂಚನ್ನು ನೋಡುತ್ತಿರುತ್ತೇನೆ. ಸಣ್ಣ ಬೇರು ಮಾತ್ರ ಕೊಳೆತ ಬಳ್ಳಿ ಮಳೆಯಲ್ಲಿ ಏನೂ ತೋರಿಸುವುದಿಲ್ಲ. ಮಣ್ಣು ಒಣಗಿದಾಗಲೇ ಹಳದಿಯಾಗಿ ಎಲೆ ಉದುರಿಸಲು ಶುರು ಮಾಡುತ್ತದೆ.