ಹತ್ತು ಟಾಸ್, ಜೋಡಿ ಹೆಡ್ ಇಲ್ಲ: 144 ಎಲ್ಲಿಂದ ಬಂತು

ಈ ಲೆಕ್ಕದಲ್ಲಿ ನಾನು ಮೊದಲ ಹೆಜ್ಜೆಯಲ್ಲೇ ಎಡವಿದ್ದೆ. ಪ್ರಶ್ನೆ 1990ರ ಎಐಎಂಇ ಪರೀಕ್ಷೆಯದು. ಅಮೆರಿಕದ ಹೈಸ್ಕೂಲು ಮಕ್ಕಳ ಗಣಿತ ಸ್ಪರ್ಧೆ ಅದು. ಮೋಸವಿಲ್ಲದ ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ, ಎಲ್ಲೂ ಎರಡು ಹೆಡ್ ಅಕ್ಕಪಕ್ಕ ಬೀಳದಿರುವ ಸಂಭವನೀಯತೆ ಎಷ್ಟು? ಇಷ್ಟೇ ಪ್ರಶ್ನೆ.

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳುವವನು. ಇದೇನು ಮಹಾ ಅಂದುಕೊಂಡು ಪೆನ್ನು ಹಿಡಿದೆ. ಹತ್ತು ಟಾಸ್‌ನಲ್ಲಿ ಅಕ್ಕಪಕ್ಕದ ಜೋಡಿಗಳು ಒಂಬತ್ತು. ಒಂದು ಜೋಡಿಯಲ್ಲಿ ಎರಡೂ ಹೆಡ್ ಆಗದಿರುವುದಕ್ಕೆ 3/4. ಹಾಗಾದರೆ 3/4 ಅನ್ನು ಒಂಬತ್ತು ಸಲ ಗುಣಿಸು, ಮುಗೀತು. ಸುಮಾರು 0.075 ಬಂತು.

ಉತ್ತರ ತಪ್ಪು ಅಂತ ಗೊತ್ತಾಗಿದ್ದು ಮೂರೇ ಟಾಸ್ ಇಟ್ಟು ನೋಡಿದಾಗ. ನನ್ನ ವಿಧಾನದಲ್ಲಿ ಮೂರು ಟಾಸ್‌ಗೆ 3/4 × 3/4, ಅಂದರೆ 9/16. ಆದರೆ ಮೂರು ಟಾಸ್‌ಗೆ ಇರುವುದೇ ಎಂಟು ಸಾಲು. ಎಂಟರಲ್ಲಿ 9/16 ಅಂದರೆ ನಾಲ್ಕೂವರೆ ಸಾಲು. ಅರ್ಧ ಸಾಲು ಎಲ್ಲಿಂದ ಬರಬೇಕು?

ತಪ್ಪು ಎಲ್ಲಿತ್ತು ಅಂದರೆ, ಪಕ್ಕಪಕ್ಕದ ಜೋಡಿಗಳು ನಡುವಿನ ಟಾಸನ್ನು ಹಂಚಿಕೊಳ್ಳುತ್ತವೆ. ಮೊದಲ ಜೋಡಿ ಹೆಡ್-ಹೆಡ್ ಅಲ್ಲ ಅಂತ ಗೊತ್ತಾದ ಕೂಡಲೇ ಉಳಿಯುವುದು ಮೂರು ಬಗೆ, ಅದರಲ್ಲಿ ಎರಡನೇ ಟಾಸ್ ಹೆಡ್ ಆಗಿರುವುದು ಒಂದರಲ್ಲಿ ಮಾತ್ರ. ಹಾಗಾಗಿ ಎರಡನೇ ಜೋಡಿ ಕೆಡುವ ಅವಕಾಶ 1/4 ಅಲ್ಲ, 1/3ರ ಅರ್ಧ, ಅಂದರೆ 1/6. 3/4 × 5/6 ಮಾಡಿದರೆ 5/8. ಎಂಟರಲ್ಲಿ ಐದು ಸಾಲು. ಈಗ ಸರಿಹೋಯಿತು.

ಆದರೆ ಹತ್ತು ಟಾಸ್‌ವರೆಗೆ ಹೀಗೆ ಎಳೆಯುವುದು ತಲೆನೋವು. ಸಂಭವನೀಯತೆಯನ್ನು ಪಕ್ಕಕ್ಕಿಟ್ಟು ಮೊದಲು ಒಳ್ಳೆಯ ಸಾಲುಗಳನ್ನು, ಅಂದರೆ ಜೋಡಿ ಹೆಡ್ ಇಲ್ಲದ ಸಾಲುಗಳನ್ನು, ಎಣಿಸೋಣ ಅಂತ ಹೊರಟೆ. ಹೆಡ್‌ಗೆ ಹ, ಟೇಲ್‌ಗೆ ಟ ಅಂತ ಬರೆದುಕೊಂಡೆ. ಎರಡು ಟಾಸ್‌ಗೆ ಟಟ, ಟಹ, ಹಟ ಮೂರು. ಮೂರು ಟಾಸ್‌ಗೆ ಟಟಟ, ಟಟಹ, ಟಹಟ, ಹಟಟ, ಹಟಹ ಐದು. ನಾಲ್ಕಕ್ಕೆ ಸುಮ್ನೆ ಮನಸ್ಸಿಗೆ ಬಂದ ಹಾಗೆ ಬರೆಯುತ್ತಾ ಹೋದೆ, ಏಳು ಸಿಕ್ಕಿತು. ಟಹಟಹ ಬಿಟ್ಟುಹೋಗಿತ್ತು. ಪಟ್ಟಿ ಮಾಡುವಾಗ ಒಂದು ಕ್ರಮ ಇಲ್ಲದಿದ್ದರೆ ಹೀಗೇ ಆಗುತ್ತೆ.

ಆ ಕ್ರಮ ಸಿಗುವುದು ಕೊನೆಯ ಟಾಸನ್ನು ನೋಡಿದರೆ. ಕೊನೆಯದು ಟ ಆಗಿದ್ದರೆ ಅದರ ಹಿಂದೆ ಯಾವ ಒಳ್ಳೆಯ ಸಾಲು ಇದ್ದರೂ ನಡೆಯುತ್ತದೆ. ನಾಲ್ಕಕ್ಕೆ ಬೇಕಾದರೆ ಮೂರರ ಐದೂ ಸಾಲಿಗೆ ಟ ಅಂಟಿಸಿ, ಐದು ಸಾಲು ಆಯಿತು. ಕೊನೆಯದು ಹ ಆಗಿದ್ದರೆ?

ತರಗತಿಯಲ್ಲಿ ಇಲ್ಲಿಗೆ ಬಂದಾಗ ಒಬ್ಬ ಹುಡುಗಿ ಕೇಳಿದಳು, "ಸರ್, ಅದಕ್ಕೂ ಮೂರರ ಸಾಲುಗಳಿಗೇ ಹ ಹಾಕಬಹುದಲ್ವಾ?"

"ಹಟಹಕ್ಕೆ ಹ ಹಾಕಿ ನೋಡಮ್ಮ" ಅಂದೆ.

ಹಟಹಹ ಅಂತ ಬರೆದು ಅವಳೇ ನಕ್ಕಳು. ಹ ಅಂಟಿಸಬೇಕಾದರೆ ಅದರ ಹಿಂದಿನದು ಟ ಆಗಿರಲೇಬೇಕು. ಅಂದರೆ ಕೊನೆಯ ಎರಡು ಜಾಗ ಟಹ ಅಂತ ನಿಗದಿ. ಅದಕ್ಕೂ ಹಿಂದೆ ಎರಡು ಟಾಸಿನ ಯಾವ ಒಳ್ಳೆಯ ಸಾಲಾದರೂ ಸರಿ. ಟಟಟಹ, ಟಹಟಹ, ಹಟಟಹ. ಮೂರು ಸಾಲು. ಐದೂ ಮೂರೂ ಎಂಟು. ನನ್ನ ಕೈತಪ್ಪಿದ್ದ ಟಹಟಹ ಇಲ್ಲಿ ತಾನಾಗೇ ಬಂದು ಕೂತಿದೆ.

n ಟಾಸ್‌ಗೆ ಇರುವ ಒಳ್ಳೆಯ ಸಾಲುಗಳ ಸಂಖ್ಯೆಯನ್ನು a(n) ಅಂದರೆ, ಹಿಂದಿನವುಗಳಿಂದ ಮುಂದಿನದನ್ನು ಕೊಡುವ ಸೂತ್ರ, ಅಂದರೆ ರಿಕರೆನ್ಸ್, ಇದು:

```
a(n) = a(n-1) + a(n-2),   a(1) = 2,  a(2) = 3
```

ಕೂಡುತ್ತಾ ಹೋದರೆ ಆಯಿತು: 2, 3, 5, 8, 13, 21, 34, 55, 89, 144. ಹತ್ತನೆಯದು 144. ಫಿಬೊನಾಚಿ ಸಂಖ್ಯೆಗಳೇ, ಆದರೆ ಶುರು ಮಾತ್ರ ಬೇರೆ. ಮಕ್ಕಳು 1, 1 ಅಂತ ಶುರುಮಾಡಿ ಹತ್ತನೆಯದು 55 ಅಂತ ಬರೆದುಬಿಡುತ್ತಾರೆ. ಒಂದು ಟಾಸ್‌ಗೆ ಎರಡು ಸಾಲು ಅನ್ನುವುದನ್ನು ಕಾಗದದ ಮೇಲೆ ಮೊದಲು ಬರೆದಿಟ್ಟುಕೊಂಡರೆ ಈ ತಪ್ಪು ಆಗಲ್ಲ.

ಕನ್ನಡ ಮೇಷ್ಟರಿಗೆ ಇದನ್ನು ತೋರಿಸಿದರೆ ಅವರು ಹೇಳಿದ್ದು, "ಇದು ನಮ್ಮ ಮಾತ್ರೆ ಲೆಕ್ಕ ಅಲ್ಲವೇನ್ರೀ?" ಹೌದು, ಅದೇ. ಪ್ರತಿ ಸಾಲಿನ ಕೊನೆಗೆ ಒಂದು ಟ ಹೆಚ್ಚಿಗೆ ಸೇರಿಸಿ. ಆಗ ಪ್ರತಿ ಹ ಆದಮೇಲೂ ಒಂದು ಟ ಬರುತ್ತದೆ. ಹಟ ಎರಡು ಜಾಗ ಹಿಡಿಯುತ್ತದೆ, ಅದನ್ನು ಗುರು ಅನ್ನಿ. ಒಂಟಿ ಟ ಲಘು. ಹಟಹಕ್ಕೆ ಟ ಸೇರಿದರೆ ಎರಡು ಗುರು, ಟಹಟಕ್ಕೆ ಸೇರಿದರೆ ಲಘು-ಗುರು-ಲಘು. ಮೂರು ಟಾಸಿನ ಐದು ಸಾಲುಗಳೇ ಕಂದ ಪದ್ಯದ ನಾಲ್ಕು ಮಾತ್ರೆಯ ಐದು ಗಣಗಳು. ಲಘು-ಗುರುಗಳನ್ನು ಹೀಗೆ ಹಿಂದಿನ ಎರಡನ್ನು ಕೂಡಿ ಎಣಿಸುವುದನ್ನು ಜೈನ ವಿದ್ವಾಂಸ ಹೇಮಚಂದ್ರ ಸುಮಾರು 1150ರಲ್ಲೇ ಬರೆದಿದ್ದ, ವಿರಹಾಂಕ ಅವನಿಗಿಂತಲೂ ಹಳಬ. ಫಿಬೊನಾಚಿಯ ಪುಸ್ತಕ 1202ರದ್ದು.

ಈಗ ಸಂಭವನೀಯತೆ. ಹತ್ತು ಟಾಸಿನ ಒಟ್ಟು ಸಾಲುಗಳು 1024, ನಾಣ್ಯ ಸರಿಯಿದ್ದರೆ ಎಲ್ಲಕ್ಕೂ ಒಂದೇ ಬೆಲೆ. 144/1024, ಸರಳ ಮಾಡಿದರೆ 9/64, ಸುಮಾರು 0.14. ನನ್ನ ಮೊದಲ ಉತ್ತರದ ಹೆಚ್ಚುಕಮ್ಮಿ ಎರಡರಷ್ಟು! ಪರೀಕ್ಷೆಯಲ್ಲಿ ಕೇಳಿದ್ದು ಅಂಶ, ಛೇದಗಳ ಮೊತ್ತ: 73. ಎಐಎಂಇಯಲ್ಲಿ ಉತ್ತರ 999 ದಾಟುವಂತಿಲ್ಲ. ಹಾಗಾಗಿ ಸರಳ ಮಾಡದೆ 1168 ಅಂತ ಬರೆಯುವವನಿಗೆ ಅಲ್ಲೇ ಎಚ್ಚರಿಕೆ ಸಿಗುತ್ತದೆ.

ನಂಬಿಕೆಗೆ ಇನ್ನೊಂದು ದಾರಿಯಲ್ಲೂ ಎಣಿಸಿದೆ: ಟೇಲ್‌ಗಳನ್ನು ಸಾಲಾಗಿಟ್ಟು, ಅವುಗಳ ನಡುವೆ ಮತ್ತು ಎರಡು ತುದಿಯಲ್ಲಿರುವ ಜಾಗಗಳಲ್ಲಿ ಒಂದೊಂದೇ ಹೆಡ್ ಕೂರಿಸುವುದು. ಹೆಡ್ ಒಂದೂ ಇಲ್ಲದ ಸಾಲು 1, ಒಂದಿರುವುದು 10, ಎರಡು 36, ಮೂರು 56, ನಾಲ್ಕು 35, ಐದು 6. ಕೂಡಿದರೆ 144. ಕಂಪ್ಯೂಟರ್ ಇದ್ದವರು 1024 ಸಾಲನ್ನೂ ಜಾಲಾಡಿಸಬಹುದು:

```python
from itertools import product
print(sum("HH" not in "".join(s)
          for s in product("HT", repeat=10)))
```

ಮಕ್ಕಳು ಜಾಸ್ತಿ ಜಾರುವುದು ಇದರ ನಂತರ. ಸಾಲುಗಳಿಗೆ ಕೂಡುವ ಸೂತ್ರ ಇದೆಯಲ್ಲ, ಸಂಭವನೀಯತೆಗೂ ಅದನ್ನೇ ಹಾಕಿಬಿಡುತ್ತಾರೆ. ಒಂದು ಟಾಸ್‌ಗೆ 1, ಎರಡಕ್ಕೆ 3/4, ಮೂರಕ್ಕೆ ಎರಡನ್ನೂ ಕೂಡಿ 7/4. ಸಂಭವನೀಯತೆ ಒಂದನ್ನು ದಾಟಿತು! ಒಂದು ಟಾಸ್ ಹೆಚ್ಚಾದಾಗಲೆಲ್ಲ ಒಟ್ಟು ಸಾಲುಗಳೂ ಇಮ್ಮಡಿಯಾಗುತ್ತವೆ ಅನ್ನುವುದನ್ನು ಮರೆತಿದ್ದರ ಫಲ ಇದು. ಟ ಒಂದನ್ನು ಅಂಟಿಸಿದರೆ ಅರ್ಧ, ಟಹ ಎರಡನ್ನು ಅಂಟಿಸಿದರೆ ಕಾಲು:

```
P(n) = (1/2) P(n-1) + (1/4) P(n-2),   P(0) = P(1) = 1
```

ಮೂರಕ್ಕೆ 3/8 + 2/8 = 5/8. ಸರಿ ಬಂತು.

ಹೀಗೆ ಬರೆಯುವುದರಿಂದ ಒಂದು ಲಾಭ ಇದೆ. ನಾಣ್ಯ ವಾಲಿದ್ದರೆ, ಅಂದರೆ ಹೆಡ್‌ಗೆ 0.6, ಟೇಲ್‌ಗೆ 0.4 ಇದ್ದರೆ, ಎಣಿಸಿ ಭಾಗಿಸುವ ಆಟ ನಡೆಯಲ್ಲ. ಐದು ಸಾಲು ಐದೇ ಇರುತ್ತವೆ, ಆದರೆ ಟಟಟದ ತೂಕ 0.064, ಹಟಹದ ತೂಕ 0.144. ಆಗ ಅರ್ಧದ ಜಾಗಕ್ಕೆ 0.4, ಕಾಲಿನ ಜಾಗಕ್ಕೆ 0.4 × 0.6 = 0.24 ಹಾಕಬೇಕು. ಎರಡು ಟಾಸ್‌ಗೆ 0.4 + 0.24 = 0.64. ಮೂರಕ್ಕೆ 0.4 × 0.64 + 0.24 = 0.496. ಕಣ್ಣುಮುಚ್ಚಿ 5/8 ಅಂತ ಬರೆದಿದ್ದರೆ 0.625 ಆಗುತ್ತಿತ್ತು. ಐದೂ ಸಾಲಿನ ತೂಕವನ್ನು ಬಿಡಿಬಿಡಿಯಾಗಿ ಕೂಡಿ ನೋಡಿದೆ: 0.064, ಒಂದೇ ಹೆಡ್ ಇರುವ ಮೂರರಿಂದ 0.288, ಹಟಹದಿಂದ 0.144. ಮೊತ್ತ 0.496.