ಒಂದು ಪುಟಾಣಿ ಐಗನ್‌ವ್ಯಾಲ್ಯೂ ಮತ್ತು ಕಂಡಿಷನ್ ನಂಬರ್

ಶಾಖ ಹರಿಯುವ ಲೆಕ್ಕ. ಚೌಕಾಕಾರದ ತಟ್ಟೆ, ಅಂಚಿನಲ್ಲಿ ತಾಪಮಾನ ನಿಗದಿ, ಮಧ್ಯದಲ್ಲಿ ಒಂದು ಚಿಕ್ಕ ತುಂಡು. ಆ ತುಂಡಿನಲ್ಲಿ ಶಾಖ ಸುತ್ತಲಿನ ವಸ್ತುವಿಗಿಂತ ಲಕ್ಷ ಪಟ್ಟು ಸಲೀಸಾಗಿ ಹರಿಯುತ್ತದೆ. ಬರುವ ಮ್ಯಾಟ್ರಿಕ್ಸ್ ಸಿಮೆಟ್ರಿಕ್, ಪಾಸಿಟಿವ್ ಡೆಫಿನಿಟ್. ಹಾಗಾಗಿ ಉತ್ತರವನ್ನು ಹೆಜ್ಜೆ ಹೆಜ್ಜೆಯಾಗಿ ಸುಧಾರಿಸುವ ಕಾಂಜುಗೇಟ್ ಗ್ರೇಡಿಯೆಂಟ್ ಹಚ್ಚಿದೆ. ಅದನ್ನು ಚುರುಕುಗೊಳಿಸುವ ಪ್ರಿಕಂಡಿಷನರ್ ಆಗಿ ಬರೀ ಡಯಾಗನಲ್.

ಉತ್ತರ ಸಮೀಕರಣಕ್ಕೆ ಇನ್ನೂ ಎಷ್ಟು ಹೊಂದಿಲ್ಲ ಎಂದು ತೋರಿಸುವ ರೆಸಿಡ್ಯುಯಲ್ ಗ್ರಾಫ್ ವಿಚಿತ್ರವಾಗಿತ್ತು. ಮೊದಲು ಚೆನ್ನಾಗಿ ಇಳಿಯಿತು. ನಂತರ ಗೂನು ಬೆನ್ನಿನ ಹಾಗೆ ಮೇಲೆದ್ದಿತು. ಆಮೇಲೆ ಮತ್ತೆ ಮೊದಲಿನ ವೇಗದಲ್ಲೇ ಇಳಿಯಿತು. ಆ ಗೂನಿನ ಹೊತ್ತಿನಲ್ಲೇ ತುಂಡಿನೊಳಗಿನ ತಾಪಮಾನ ಒಟ್ಟಿಗೇ ಜಿಗಿದಿತ್ತು.

ಕಾರಣ ತಿಳಿಯಲು ಐಗನ್‌ವ್ಯಾಲ್ಯೂಗಳು ಬೇಕು. ಅದಕ್ಕೆ ಬೇರೆ ಲೆಕ್ಕ ಮಾಡಬೇಕಿಲ್ಲ, ಕಾಂಜುಗೇಟ್ ಗ್ರೇಡಿಯೆಂಟ್ ಅವನ್ನು ಪುಕ್ಕಟೆ ಕೊಡುತ್ತದೆ. ಪ್ರತಿ ಇಟರೇಷನ್‌ನ ಲೆಕ್ಕದಲ್ಲಿ ಹೇಗೂ ಬರುವ ಗುಣಾಂಕಗಳಾದ ಆಲ್ಫಾ, ಬೀಟಾಗಳನ್ನು `a`, `b` ಎಂಬ ಅರೇಗಳಲ್ಲಿ ಉಳಿಸಿಕೊಂಡರೆ ಸಾಕು:

```python
d = 1/a
d[1:] += b[:-1]/a[:-1]
e = np.sqrt(b[:-1])/a[:-1]
theta = eigvalsh_tridiagonal(d, e)
```

`theta`ದ ಎರಡು ತುದಿಗಳು ನಮ್ಮ ಅಂದಾಜು. ಪ್ರಿಕಂಡಿಷನರ್ ಇದ್ದರೆ ಇವು ಪ್ರಿಕಂಡಿಷನ್ ಆದ ಮ್ಯಾಟ್ರಿಕ್ಸ್‌ನವು, ನಮಗೆ ಬೇಕಾದದ್ದೂ ಅವೇ. ಒಂದು ಎಚ್ಚರ: ದೊಡ್ಡದನ್ನು ಇದು ಕೆಳಗಿನಿಂದ ಮುಟ್ಟುತ್ತದೆ, ಚಿಕ್ಕದನ್ನು ಮೇಲಿನಿಂದ. ಅಂದರೆ ಕಂಡಿಷನ್ ನಂಬರ್ ಯಾವಾಗಲೂ ನಿಜಕ್ಕಿಂತ ಕಡಿಮೆಯೇ ಕಾಣುತ್ತದೆ.

ಗೂನಿಗೆ ಮುಂಚೆ ಎಲ್ಲ ಬೆಲೆಗಳೂ ಸುಮಾರು 0.02 ಮತ್ತು 2ರ ನಡುವೆ ಇದ್ದವು. ಗೂನಿನ ಹೊತ್ತಿಗೆ ಅತಿ ಚಿಕ್ಕದು ಮಾತ್ರ ಸರ್ರನೆ ಕೆಳಗೆ ಜಾರಿ 0.000002ರ ಹತ್ತಿರ ನಿಂತಿತು. ಅದರ ಐಗನ್‌ವೆಕ್ಟರ್‌ನಲ್ಲಿ ತುಂಡಿನ ತಾಪಮಾನ ಇಡಿಯಾಗಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ತುಂಡು ಅಂಚನ್ನು ಮುಟ್ಟುತ್ತಿಲ್ಲ, ಅದನ್ನು ಹಿಡಿದಿಟ್ಟಿರುವುದು ಸುತ್ತಲಿನ ದುರ್ಬಲ ವಸ್ತು ಮಾತ್ರ. ಇಂಥ ತುಂಡುಗಳು ನಾಲ್ಕಿದ್ದರೆ ಪುಟಾಣಿ ಐಗನ್‌ವ್ಯಾಲ್ಯೂಗಳೂ ನಾಲ್ಕು.

ಈಗ ಸಂಖ್ಯೆಗಳು. ಕಂಡಿಷನ್ ನಂಬರ್ κ ಅಂದರೆ ದೊಡ್ಡ ಐಗನ್‌ವ್ಯಾಲ್ಯೂ ಭಾಗಿಸು ಚಿಕ್ಕದು: 2 / 0.000002, ಅಂದರೆ ಹತ್ತು ಲಕ್ಷ. ಎಲ್ಲರಿಗೂ ಗೊತ್ತಿರುವ ಮಿತಿ ಇದು, ಇಲ್ಲಿ A ನಮ್ಮ ಮ್ಯಾಟ್ರಿಕ್ಸ್, e_k ಅಂದರೆ k ಇಟರೇಷನ್ ಆದಮೇಲೆ ಉತ್ತರದಲ್ಲಿ ಉಳಿದ ತಪ್ಪು:

```
||e_k||_A <= 2 * ((sqrt(κ)-1)/(sqrt(κ)+1))^k * ||e_0||_A
```

ತಪ್ಪನ್ನು ಹತ್ತು ಲಕ್ಷದ ಒಂದು ಪಾಲಿಗೆ ಇಳಿಸಲು ಇದರ ಪ್ರಕಾರ 7255 ಇಟರೇಷನ್ ಸಾಕು. ಸುಳ್ಳೇನಲ್ಲ, ಆದರೆ ಈ ಮಿತಿ ನೋಡುವುದು ಎರಡು ತುದಿಗಳನ್ನು ಮಾತ್ರ. ನಡುವೆ ಏನಿದೆ, ಏನಿಲ್ಲ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಪುಟಾಣಿಯನ್ನು ಬೇರೆ ಇಟ್ಟು ನೋಡೋಣ. ಉಳಿದವುಗಳ ಅನುಪಾತ 2 / 0.02, ಅಂದರೆ 100. ವರ್ಗಮೂಲ 10, ಹಾಗಾಗಿ ಪ್ರತಿ ಹೆಜ್ಜೆಗೆ ಸಿಗುವ ಇಳಿತ 9/11. ಒಂದು ಹೆಜ್ಜೆಯನ್ನು ಪುಟಾಣಿಗೆ ಮೀಸಲಿಡಬೇಕು: ಐಗನ್‌ವ್ಯಾಲ್ಯೂ λ ದಿಕ್ಕಿನ ತಪ್ಪನ್ನು ಗುಣಿಸುವ, ಪುಟಾಣಿಯ ಮೇಲೆ ಸೊನ್ನೆಯಾಗುವ (1 − λ/0.000002) ಎಂಬ ಗುಣಕ. ತೊಂದರೆ ಏನೆಂದರೆ, λ = 2 ಇದ್ದಲ್ಲಿ ಈ ಗುಣಕವೇ ಸುಮಾರು ಹತ್ತು ಲಕ್ಷ ಆಗುತ್ತದೆ. ಅದನ್ನೂ 9/11ರಿಂದಲೇ ಕರಗಿಸಬೇಕು. ಎಲ್ಲ ಸೇರಿ 143 ಇಟರೇಷನ್. 7255 ಎಲ್ಲಿ, 143 ಎಲ್ಲಿ!

ಒಂಟಿ ಐಗನ್‌ವ್ಯಾಲ್ಯೂ ಮೇಲಿನ ತುದಿಯಲ್ಲಿದ್ದರೆ, ಉದಾಹರಣೆಗೆ 20,000, ಅನುಪಾತ ಅದೇ ಹತ್ತು ಲಕ್ಷ. ಆದರೆ ಅಲ್ಲಿ ಗುಣಕ ಉಳಿದ ಕಡೆ ಒಂದನ್ನು ದಾಟುವುದಿಲ್ಲ. 74 ಇಟರೇಷನ್ನಿಗೇ ಮುಗಿಯುತ್ತದೆ. κ ಒಂದೇ, ಕೆಲಸ ಅರ್ಧ. ಇದು ಕಾಗದದ ಮೇಲಿನ ಲೆಕ್ಕ ಅನ್ನಿ. ಕಂಪ್ಯೂಟರ್ ಸಂಖ್ಯೆಗಳನ್ನು ದುಂಡಾಗಿಸುವ ತಪ್ಪಿನಿಂದ ದೂರದ ದೊಡ್ಡ ಐಗನ್‌ವ್ಯಾಲ್ಯೂ `theta`ದಲ್ಲಿ ಎರಡೆರಡು ಸಲ ಕಾಣಿಸಿಕೊಳ್ಳಬಹುದು. ಪ್ರತಿ ನಕಲಿಗೂ ಒಂದಷ್ಟು ಇಟರೇಷನ್ ದಂಡ.

ನನಗೆ ಇದರಲ್ಲಿ ಜಾಸ್ತಿ ಭಯ ಹುಟ್ಟಿಸಿದ್ದು ವೇಗ ಅಲ್ಲ, ನಿಲ್ಲಿಸುವ ಷರತ್ತು. ಒಂದು ಐಗನ್‌ವೆಕ್ಟರ್ ದಿಕ್ಕಿನ ತಪ್ಪು ಪ್ರಿಕಂಡಿಷನ್ ಆದ ರೆಸಿಡ್ಯುಯಲ್‌ನಲ್ಲಿ ಕಾಣುವುದು ಐಗನ್‌ವ್ಯಾಲ್ಯೂನಿಂದ ಗುಣಿಸಿಕೊಂಡು. ತುಂಡಿನ ತಾಪಮಾನ 1 ಡಿಗ್ರಿ ತಪ್ಪಿದ್ದರೂ ರೆಸಿಡ್ಯುಯಲ್‌ಗೆ ಸೇರುವುದು ಅದರ 0.000002 ಪಾಲು. ಹಾಗಾಗಿ ಸಡಿಲ ಟಾಲರೆನ್ಸ್ ಕೊಟ್ಟಿದ್ದರೆ ಗೂನು ಬರುವ ಮೊದಲೇ ಪ್ರೋಗ್ರಾಂ ನಿಲ್ಲುತ್ತಿತ್ತು, ಗ್ರಾಫ್ ನೋಡಿದರೆ ಎಲ್ಲ ಸರಿ ಅನ್ನಿಸುತ್ತಿತ್ತು. ಅದಕ್ಕೇ ಈಗ `theta`ದ ಅತಿ ಚಿಕ್ಕ ಬೆಲೆ ಸ್ಥಿರವಾಯಿತಾ ಅಂತಲೂ ನೋಡುತ್ತೇನೆ. ಅದಿನ್ನೂ ಜಾರುತ್ತಿದ್ದರೆ ಟಾಲರೆನ್ಸ್ ಬಿಗಿ ಮಾಡುತ್ತೇನೆ.

ಕೊನೆಗೆ ಆ ದಿಕ್ಕನ್ನೇ ಕೈಯಾರೆ ತೆಗೆದೆ. ತುಂಡಿನ ಬಿಂದುಗಳಲ್ಲಿ 1, ಬೇರೆಲ್ಲ 0 ಇರುವ ವೆಕ್ಟರ್ ಆ ಐಗನ್‌ವೆಕ್ಟರ್‌ಗೆ ಸಾಕಷ್ಟು ಹತ್ತಿರ. ಆ ದಿಕ್ಕಿನ ಸಮೀಕರಣವನ್ನು ಬೇರೆಯಾಗಿ ಬಿಡಿಸಿ, ಪ್ರತಿ ಇಟರೇಷನ್‌ನಲ್ಲೂ ಅದನ್ನು ಹೊರಗಿಟ್ಟೆ. ಇದಕ್ಕೆ ಡಿಫ್ಲೇಷನ್ ಅನ್ನುತ್ತಾರೆ. ಸುಮ್ನೆ ಶುರುವಿನಲ್ಲಿ ಒಮ್ಮೆ ತೆಗೆದರೆ ಸಾಲದು, ವೆಕ್ಟರ್ ಅಂದಾಜಿನದಾದ್ದರಿಂದ ಅದು ಮತ್ತೆ ನುಸುಳುತ್ತದೆ. ಗೂನು ಮಾಯವಾಯಿತು. `theta`ದಲ್ಲಿ ಉಳಿದ ಅನುಪಾತ 100ರ ಆಸುಪಾಸು, ಅದಕ್ಕೆ ಮಿತಿ ಹೇಳುವುದು 73 ಇಟರೇಷನ್.