ಹೆಸರು ಬದಲಾವಣೆಯ ಅಫಿಡವಿಟ್: ನಾನು ಬರೆಯುವ ಕ್ರಮ

ಹೆಸರಿಗೆ ಸಂಬಂಧಿಸಿದಂತೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಎರಡು ಬಗೆಯ ಅಫಿಡವಿಟ್‌ಗಳು ತಯಾರಾಗುತ್ತವೆ. ದಾಖಲೆಗಳಲ್ಲಿ ಬೇರೆ ಬೇರೆಯಾಗಿ ಬಂದಿರುವ ಎರಡು ಹೆಸರುಗಳೂ ಒಬ್ಬರದೇ ಎಂದು ಹೇಳುವುದು ಒಂದು. ಇದುವರೆಗಿನ ಹೆಸರನ್ನು ಬಿಟ್ಟು ಇಂದಿನಿಂದ ಹೊಸ ಹೆಸರನ್ನು ಧರಿಸಿದ್ದೇನೆ ಎಂದು ಘೋಷಿಸುವುದು ಇನ್ನೊಂದು. ಮೊದಲನೆಯದು ಆಗಿಹೋದ ಸಂಗತಿಯನ್ನು ಸಾಕ್ಷೀಕರಿಸುತ್ತದೆ, ಎರಡನೆಯದು ಹೊಸದೊಂದನ್ನು ಘೋಷಿಸುತ್ತದೆ. ಹೆಸರು ಬದಲಾವಣೆಗೆ ಬಂದವರಿಗೆ ಮೊದಲನೆಯ ನಮೂನೆಯನ್ನು ಟೈಪ್ ಮಾಡಿಕೊಟ್ಟು ಕಳುಹಿಸುವುದು ನಮ್ಮ ಊರಿನಲ್ಲಿ ಸಾಮಾನ್ಯವಾಗಿದೆ. ಹಾಗೆ ಮಾಡಿಸಿದ ಅಫಿಡವಿಟ್ ಒಂದನ್ನು ಬ್ಯಾಂಕಿನವರು ಹಿಂದಿರುಗಿಸಿದ ಮೇಲೆ ನನ್ನ ಬಳಿಗೆ ಬಂದ ಕಕ್ಷಿದಾರರೊಬ್ಬರ ಕೆಲಸವನ್ನೇ ಇಲ್ಲಿ ವಿವರಿಸುತ್ತೇನೆ. ಅವರ ನಿಜವಾದ ಹೆಸರು ಇಲ್ಲಿ ಬೇಡ; ಹಳೆಯ ಹೆಸರು ಕೆಂಪಮ್ಮ ಕೆ. ಎಂದೂ ಬಯಸಿದ ಹೊಸ ಹೆಸರು ಕವಿತಾ ಕೆ. ಎಂದೂ ಇಟ್ಟುಕೊಳ್ಳೋಣ.

ಕರಡಿಗೆ ಕೈಹಾಕುವ ಮೊದಲು ನಾನು ಮೂಲ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದರಲ್ಲೂ ಹೆಸರು ಹೇಗಿದೆ ಎಂಬುದನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತೇನೆ. ಇವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ಆಧಾರ್‌ನಲ್ಲಿಯೂ ಇನಿಷಿಯಲ್ ಕೊನೆಯಲ್ಲಿತ್ತು. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಮೊದಲಿಗೆ ಬಂದಿತ್ತು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರಾದ ಕರಿಯಪ್ಪ ಎಂಬುದು ಪೂರ್ಣವಾಗಿ ಸೇರಿತ್ತು. ಇವು ನಮ್ಮ ಕಣ್ಣಿಗೆ ಒಂದೇ ಹೆಸರಾದರೂ ಗುಮಾಸ್ತರ ಕಣ್ಣಿಗೆ ಮೂರು ಹೆಸರುಗಳು. ಆದ್ದರಿಂದ ಹಳೆಯ ಹೆಸರಿನ ಪ್ರತಿಯೊಂದು ರೂಪವೂ, ಅದು ಯಾವ ದಾಖಲೆಯಲ್ಲಿದೆ ಎಂಬ ವಿವರದೊಂದಿಗೆ, ಅಫಿಡವಿಟ್‌ನೊಳಗೆ ಬರಬೇಕು. ಹೊಸ ಹೆಸರಾದರೋ ಒಂದೇ ರೂಪದಲ್ಲಿರಬೇಕು, ಮತ್ತು ಅದರ ಇಂಗ್ಲಿಷ್ ಕಾಗುಣಿತವನ್ನು ಕಕ್ಷಿದಾರರ ಕೈಯಲ್ಲಿಯೇ ಬರೆಸಿಕೊಳ್ಳಬೇಕು. KAVITHA ಎಂದೋ KAVITA ಎಂದೋ ಟೈಪಿಸ್ಟ್ ತೀರ್ಮಾನಿಸುವಂತಾದರೆ ಮುಂದೆ ಅದಕ್ಕೇ ಇನ್ನೊಂದು ಅಫಿಡವಿಟ್ ಬೇಕಾಗುತ್ತದೆ.

ಕರ್ನಾಟಕದಲ್ಲಿ ಅಫಿಡವಿಟ್‌ಗೆ ಮೊದಲು 20 ರೂಪಾಯಿ ಇದ್ದ ಮುದ್ರಾಂಕ ಶುಲ್ಕ ಈಗ 100 ರೂಪಾಯಿ ಆಗಿದೆ. ಇ-ಸ್ಟಾಂಪ್ ಕಾಗದವನ್ನು ಪ್ರಮಾಣ ಮಾಡುವವರ ಹೆಸರಿನಲ್ಲಿಯೇ ತೆಗೆಸಬೇಕು. ನಾನು ಅದರಲ್ಲಿ ಹಳೆಯ ಹೆಸರನ್ನೇ ಹಾಕಿಸುತ್ತೇನೆ, ಏಕೆಂದರೆ ಅಂದಿಗೆ ಅವರ ಕೈಯಲ್ಲಿರುವ ಗುರುತಿನ ಚೀಟಿ ಆ ಹೆಸರಿನದು. ಕಾಗದದ ದಿನಾಂಕವು ಪ್ರಮಾಣ ಮಾಡಿದ ದಿನಾಂಕಕ್ಕಿಂತ ಈಚಿನದಾಗಿರಬಾರದು ಎಂಬುದು ಹೇಳಬೇಕಾಗಿಲ್ಲದ ಮಾತಾದರೂ, ಬೇರೆಡೆ ತಯಾರಾಗಿ ಬಂದ ಕಾಗದಗಳಲ್ಲಿ ಇದು ತಪ್ಪಿರುವುದನ್ನು ನೋಡಿದ್ದೇನೆ.

ಇನ್ನು ಒಡಲು. ಪ್ರತಿಯೊಂದು ಪ್ಯಾರಾದಲ್ಲಿ ಒಂದೇ ಸಂಗತಿ ಇರಬೇಕು ಮತ್ತು ಪ್ಯಾರಾಗಳಿಗೆ ಅನುಕ್ರಮವಾಗಿ ಸಂಖ್ಯೆ ಕೊಡಬೇಕು. ಇದು ಅಂದಕ್ಕಾಗಿ ಇರುವ ಪದ್ಧತಿಯಲ್ಲ. ಕೊನೆಯ ಸತ್ಯಾಪನೆಯು, ಅಂದರೆ ಯಾವ ಪ್ಯಾರಾ ಯಾವ ಆಧಾರದ ಮೇಲೆ ಸತ್ಯವೆಂದು ಹೇಳುವ ಭಾಗವು, ಈ ಸಂಖ್ಯೆಗಳ ಮೇಲೆಯೇ ನಿಲ್ಲುತ್ತದೆ. ಕೆಂಪಮ್ಮನವರಿಗೆ ನಾನು ಬರೆದುಕೊಟ್ಟ ಒಡಲು ಹೀಗಿತ್ತು:

ಕವಿತಾ ಕೆ. (ಹಿಂದಿನ ಹೆಸರು ಕೆಂಪಮ್ಮ ಕೆ.), ಕರಿಯಪ್ಪನವರ ಮಗಳು, ಜನ್ಮ ದಿನಾಂಕ ……, ವಾಸ ……, ಆದ ನಾನು ಈ ಮೂಲಕ ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ:

1. ನಾನು ಮೇಲ್ಕಂಡ ವಿಳಾಸದ ಖಾಯಂ ನಿವಾಸಿಯೂ ಭಾರತದ ಪ್ರಜೆಯೂ ಆಗಿರುತ್ತೇನೆ.

2. ನಾನು ಜನಿಸಿದಾಗ ನನ್ನ ತಂದೆ ತಾಯಿಯವರು ನನಗೆ ಕೆಂಪಮ್ಮ ಎಂದು ಹೆಸರಿಟ್ಟಿರುತ್ತಾರೆ.

3. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡಿನಲ್ಲಿ ‘ಕೆಂಪಮ್ಮ ಕೆ.’ ಎಂದೂ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಕೆ. ಕೆಂಪಮ್ಮ’ ಎಂದೂ, ಪ್ಯಾನ್ ಕಾರ್ಡಿನಲ್ಲಿ ‘ಕೆಂಪಮ್ಮ ಕರಿಯಪ್ಪ’ ಎಂದೂ ನನ್ನ ಹೆಸರು ನಮೂದಾಗಿರುತ್ತದೆ.

4. ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಈ ದಿನದಿಂದ ಮೇಲ್ಕಂಡ ಹಳೆಯ ಹೆಸರನ್ನು ತ್ಯಜಿಸಿ ‘ಕವಿತಾ ಕೆ.’ (KAVITHA K) ಎಂಬ ಹೆಸರನ್ನು ಧರಿಸಿರುತ್ತೇನೆ, ಇದರಲ್ಲಿ ‘ಕೆ.’ ಎಂದರೆ ಕರಿಯಪ್ಪ ಎಂದಾಗಿರುತ್ತದೆ.

5. 3ನೇ ಪ್ಯಾರಾದಲ್ಲಿ ಹೇಳಿದ ಎಲ್ಲ ಹೆಸರುಗಳೂ 4ನೇ ಪ್ಯಾರಾದಲ್ಲಿ ಹೇಳಿದ ಹೊಸ ಹೆಸರೂ ನನ್ನೊಬ್ಬಳಿಗೇ ಸಂಬಂಧಿಸಿರುತ್ತವೆ.

6. ಯಾವುದೇ ಸಾಲ, ಹೊಣೆಗಾರಿಕೆ ಅಥವಾ ಕಾನೂನು ಕ್ರಮದಿಂದ ತಪ್ಪಿಸಿಕೊಳ್ಳುವ ಉದ್ದೇಶದಿಂದ ಹೆಸರನ್ನು ಬದಲಾಯಿಸಿಕೊಂಡಿರುವುದಿಲ್ಲ. ಹಳೆಯ ಹೆಸರಿನಲ್ಲಿ ಮಾಡಿರುವ ವ್ಯವಹಾರಗಳಿಗೆ ನಾನು ಬದ್ಧಳಾಗಿರುತ್ತೇನೆ.

7. ರಾಜ್ಯಪತ್ರದಲ್ಲಿ ಪ್ರಕಟಣೆಗಾಗಿಯೂ ನನ್ನ ದಾಖಲೆಗಳಲ್ಲಿ ಹೆಸರನ್ನು ಬದಲಾಯಿಸುವುದಕ್ಕಾಗಿಯೂ ಈ ಅಫಿಡವಿಟ್ ಸಲ್ಲಿಸಿರುತ್ತೇನೆ.

ಇವುಗಳಲ್ಲಿ ಹೆಚ್ಚು ಕೆಲಸ ಮಾಡುವುವು 4 ಮತ್ತು 5ನೇ ಪ್ಯಾರಾಗಳು. ಹಿಂದಿರುಗಿ ಬಂದಿದ್ದ ಕಾಗದದಲ್ಲಿ 5ನೆಯದರ ಮಾತಷ್ಟೇ ಇತ್ತು. ತ್ಯಜಿಸಿದ್ದೇನೆ, ಧರಿಸಿದ್ದೇನೆ ಎಂಬ ಎರಡು ಕ್ರಿಯೆಗಳೂ ಅವುಗಳ ದಿನಾಂಕವೂ ಇರಲಿಲ್ಲ. ಎರಡು ಹೆಸರೂ ಚಾಲ್ತಿಯಲ್ಲಿವೆ ಎಂದು ಹೇಳುವ ಕಾಗದವನ್ನು ಆಧರಿಸಿ ಖಾತೆಯ ಹೆಸರನ್ನು ಬದಲಾಯಿಸುವುದು ಹೇಗೆ ಎಂದು ಬ್ಯಾಂಕಿನವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಾರಣವನ್ನು ಉದ್ದವಾಗಿ ಬರೆಯುವ ಅಭ್ಯಾಸ ಕೆಲವರಿಗಿದೆ. ಸಂಖ್ಯಾಶಾಸ್ತ್ರ, ಮನೆಯವರ ಇಷ್ಟ, ಸಹಪಾಠಿಗಳ ಗೇಲಿ, ಯಾವುದೇ ಇರಲಿ, ‘ಸ್ವಇಚ್ಛೆಯಿಂದ’ ಎಂಬುದಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಮದುವೆ ಅಥವಾ ವಿಚ್ಛೇದನದಿಂದ ಹೆಸರು ಬದಲಾಗಿದ್ದರೆ ಮಾತ್ರ ಅದರ ದಿನಾಂಕ ಮತ್ತು ದಾಖಲೆಯನ್ನು ಪ್ರತ್ಯೇಕ ಪ್ಯಾರಾದಲ್ಲಿ ಕಾಣಿಸುತ್ತೇನೆ. ವಯಸ್ಸನ್ನು ‘ಸುಮಾರು 32 ವರ್ಷ’ ಎಂದು ಬರೆಯುವ ಹಳೆಯ ನ್ಯಾಯಾಲಯದ ರೂಢಿಯನ್ನೂ ಇಲ್ಲಿ ಬಿಡುತ್ತೇನೆ. ಹೆಸರೇ ಬದಲಾಗುವಾಗ ಮನುಷ್ಯರನ್ನು ಗುರುತಿಸಲು ಉಳಿಯುವುದು ಜನ್ಮ ದಿನಾಂಕ ಮತ್ತು ತಂದೆಯ ಹೆಸರು.

ಸತ್ಯಾಪನೆಯ ವಿಷಯದಲ್ಲಿ ಎಚ್ಚರ ಬೇಕು. ‘ಮೇಲ್ಕಂಡ ಎಲ್ಲವೂ ನನ್ನ ಜ್ಞಾನ, ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ’ ಎಂಬ ಒಂದೇ ವಾಕ್ಯ ಎಲ್ಲ ಟೈಪಿಂಗ್ ಅಂಗಡಿಗಳ ಕಂಪ್ಯೂಟರಿನಲ್ಲಿಯೂ ಸಿದ್ಧವಾಗಿರುತ್ತದೆ. ಸ್ವಂತ ತಿಳಿವಳಿಕೆಯಿಂದ ರುಜುವಾತುಪಡಿಸಬಲ್ಲ ಸಂಗತಿಗಳಿಗೆ ಅಫಿಡವಿಟ್ ಸೀಮಿತವಾಗಿರಬೇಕು ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮದ ಸಾರ. ಯಾವುದು ಸ್ವಂತ ಅರಿವು, ಯಾವುದು ಬೇರೆಯವರಿಂದ ಬಂದ ಮಾಹಿತಿ ಎಂಬುದನ್ನು ಬೇರ್ಪಡಿಸಿ ಸತ್ಯಾಪಿಸಬೇಕೆಂದು ಸುಪ್ರೀಂ ಕೋರ್ಟ್ ಎ.ಕೆ.ಕೆ. ನಂಬಿಯಾರ್ ಪ್ರಕರಣದಲ್ಲಿ, ಅದಕ್ಕೂ ಮೊದಲು 1952ರ ಪುರುಷೋತ್ತಮ ಜೋಗ ನಾಯಕ್ ಪ್ರಕರಣದಲ್ಲಿ ಹೇಳಿದೆ. ಇವು ನ್ಯಾಯಾಲಯಕ್ಕೆ ಸಲ್ಲಿಸಿದ ಅಫಿಡವಿಟ್‌ಗಳ ಕುರಿತವು, ನಿಜ. ಆದರೆ ಇದೇ ಕಾಗದ ಮುಂದೊಂದು ದಿನ ದಾವೆಯಲ್ಲಿ ನಿಶಾನೆ, ಅಂದರೆ ಸಾಕ್ಷ್ಯವಾಗಿ ಗುರುತಿಸಿದ ದಾಖಲೆ, ಆಗಬಹುದಾದ್ದರಿಂದ ಮೊದಲೇ ಸರಿಯಾಗಿ ಬರೆಯುವುದು ಮೇಲು. ಕೆಂಪಮ್ಮನವರ ವಿಷಯದಲ್ಲಿ, ಹುಟ್ಟಿದಾಗ ಏನು ಹೆಸರಿಟ್ಟರು ಎಂಬುದು ಅವರು ಕೇಳಿ ತಿಳಿದದ್ದೇ ಹೊರತು ಕಂಡದ್ದಲ್ಲ. ಹಾಗಾಗಿ ಸತ್ಯಾಪನೆ ಹೀಗಾಯಿತು:

‘ಮೇಲ್ಕಂಡ 1 ಮತ್ತು 4ರಿಂದ 7ನೇ ಪ್ಯಾರಾಗಳು ನನ್ನ ಸ್ವಂತ ತಿಳಿವಳಿಕೆಯ ಪ್ರಕಾರವೂ, 2ನೇ ಪ್ಯಾರಾ ನನ್ನ ತಂದೆ ತಾಯಿಯವರು ತಿಳಿಸಿದ್ದು ನಿಜವೆಂದು ನಾನು ನಂಬಿರುವ ಪ್ರಕಾರವೂ, 3ನೇ ಪ್ಯಾರಾ ಅದರಲ್ಲಿ ಹೇಳಿದ ದಾಖಲೆಗಳ ಪ್ರಕಾರವೂ ಸತ್ಯವಾಗಿರುತ್ತವೆ, ಇದರಲ್ಲಿ ಯಾವ ಭಾಗವೂ ಸುಳ್ಳಲ್ಲ ಮತ್ತು ಮುಖ್ಯವಾದ ಯಾವ ಸಂಗತಿಯನ್ನೂ ಮರೆಮಾಚಿಲ್ಲ ಎಂದು …… ಸ್ಥಳದಲ್ಲಿ …… ದಿನಾಂಕದಂದು ಸತ್ಯಾಪಿಸಿ ಸಹಿ ಮಾಡಿರುತ್ತೇನೆ.’

ಸ್ಥಳ ಮತ್ತು ದಿನಾಂಕವನ್ನು ನೋಟರಿಯವರ ಎದುರಿನಲ್ಲಿಯೇ ಕೈಯಿಂದ ತುಂಬಿಸುತ್ತೇನೆ. ಮೊದಲೇ ಟೈಪ್ ಮಾಡಿಸಿದ ದಿನದಂದು ನೋಟರಿ ಸಿಗದೆ ಹೋದರೆ ಸತ್ಯಾಪನೆ ಒಂದು ದಿನದ್ದು, ಪ್ರಮಾಣ ಇನ್ನೊಂದು ದಿನದ್ದು ಆಗುತ್ತದೆ. ಸಹಿಯನ್ನೂ ಅಲ್ಲಿಯೇ ಮಾಡಿಸಬೇಕು, ಮನೆಯಿಂದ ಮಾಡಿಕೊಂಡು ಬರಬಾರದು. ಸಹಿ ಯಾವ ಹೆಸರಿನಲ್ಲಿ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ನಾನು ಎರಡನ್ನೂ ಪಡೆಯುತ್ತೇನೆ: ‘ಹಳೆಯ ಹೆಸರಿನ ಸಹಿ’, ‘ಹೊಸ ಹೆಸರಿನ ಸಹಿ’ ಎಂದು ಕೆಳಗೆ ಗುರುತಿಸಿ. ಹಳೆಯ ಸಹಿಯನ್ನು ಬ್ಯಾಂಕಿನವರು ತಮ್ಮಲ್ಲಿರುವ ಮಾದರಿ ಸಹಿಯೊಂದಿಗೆ ಹೋಲಿಸಬಲ್ಲರು. ಹೊಸದು ಮುಂದಿನ ದಾಖಲೆಗಳಿಗೆ ಆಧಾರವಾಗುತ್ತದೆ. ಪುಟ ಒಂದಕ್ಕಿಂತ ಹೆಚ್ಚಾದರೆ ಪ್ರತಿ ಪುಟದಲ್ಲಿಯೂ ಸಹಿ ಬೇಕು, ತಿದ್ದುಪಡಿ ಇದ್ದರೆ ಅದರ ಪಕ್ಕದಲ್ಲಿ ಪ್ರಮಾಣ ಮಾಡುವವರ ಹಾಗೂ ನೋಟರಿಯವರ ಚಿಕ್ಕ ಸಹಿ ಬೇಕು. ತಿದ್ದುಪಡಿ ಹೆಸರಿನಲ್ಲಿಯೇ ಬಿದ್ದರೆ ಆ ಪುಟವನ್ನು ಬಿಟ್ಟು ಹೊಸದಾಗಿ ಮುದ್ರಿಸುವುದೇ ಸರಿ.

ನೋಟರಿಯವರ ದೃಢೀಕರಣವೆಂದರೆ ಜೆರಾಕ್ಸ್ ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿ ಒತ್ತುವ ‘ನಿಜ ಪ್ರತಿ’ ಮುದ್ರೆಯಂಥದ್ದಲ್ಲ. ಇಲ್ಲಿ ವ್ಯಕ್ತಿ ಖುದ್ದು ಹಾಜರಾಗಿ ಪ್ರಮಾಣ ಮಾಡಬೇಕು, ಮತ್ತು ಹಾಗೆ ಮಾಡಿದರು ಎಂದು ನೋಟರಿಯವರು ಬರೆದು ಸಹಿ ಹಾಕಬೇಕು. ಕಾಗದ ಕೈಗೆ ಬಂದ ಕೂಡಲೇ ನಾನು ನೋಡುವುದು ಇವನ್ನು: ‘ನನ್ನ ಮುಂದೆ ಪ್ರಮಾಣ ಮಾಡಿ ಸಹಿ ಮಾಡಿದರು’ ಎಂಬ ಒಕ್ಕಣೆ ಮತ್ತು ಅದರ ದಿನಾಂಕ, ನೋಟರಿಯವರ ಸಹಿ, ಅವರ ಹೆಸರು ಹಾಗೂ ಕಾರ್ಯವ್ಯಾಪ್ತಿ ಓದಲು ಬರುವ ದುಂಡು ಮುದ್ರೆ, ನೋಟರಿ ಸ್ಟಾಂಪು, ಅವರ ರಿಜಿಸ್ಟರಿನ ಕ್ರಮಸಂಖ್ಯೆ. ಇವುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಕ್ರಮಸಂಖ್ಯೆ. ಯಾರಾದರೂ ಆ ಅಫಿಡವಿಟ್ ನಿಜವೇ ಎಂದು ವಿಚಾರಿಸಿದರೆ ನೋಟರಿಯವರು ರಿಜಿಸ್ಟರ್ ತೆರೆದು ತೋರಿಸಲು ಇರುವ ದಾರಿ ಅದೊಂದೇ ಆದ್ದರಿಂದ ಅದಿಲ್ಲದೆ ನಾನು ಕಾಗದವನ್ನು ತೆಗೆದುಕೊಳ್ಳುವುದಿಲ್ಲ. ನೋಟರಿಗೆ ವ್ಯಕ್ತಿಯ ಪರಿಚಯವಿಲ್ಲದಿದ್ದಾಗ ‘ನನ್ನಿಂದ ಗುರುತಿಸಲ್ಪಟ್ಟವರು’ ಎಂದು ವಕೀಲನಾದ ನಾನು ಸಹಿ ಹಾಕುತ್ತೇನೆ. ಮೂಲ ಗುರುತಿನ ಚೀಟಿಯನ್ನು ನೋಡದೆ ಆ ಸಹಿ ಹಾಕುವುದಿಲ್ಲ. ಓದು ಬಾರದವರಾದರೆ, ಅಥವಾ ಅಫಿಡವಿಟ್ ಇಂಗ್ಲಿಷಿನಲ್ಲಿದ್ದು ಅವರಿಗೆ ಕನ್ನಡ ಮಾತ್ರ ಬರುವುದಾದರೆ, ಅವರಿಗೆ ಓದಿ ಹೇಳಿ ವಿವರಿಸಲಾಯಿತು, ಒಪ್ಪಿ ಸಹಿ ಅಥವಾ ಹೆಬ್ಬೆಟ್ಟು ಒತ್ತಿದರು ಎಂಬ ಒಕ್ಕಣೆ ಹೆಚ್ಚುವರಿಯಾಗಿ ಬೇಕು.

ಇಷ್ಟಾದರೂ ಅಫಿಡವಿಟ್ ಒಂದರಿಂದಲೇ ದಾಖಲೆಗಳು ಬದಲಾಗುವುದಿಲ್ಲ. ಕೆಂಪಮ್ಮನವರು ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. 4ನೇ ಪ್ಯಾರಾದ ಕಾಗುಣಿತವನ್ನೇ ನಕಲು ಮಾಡಿ ಅಫಿಡವಿಟ್‌ನ ದಿನಾಂಕ ಹಾಗೂ ನೋಟರಿಯವರ ಊರನ್ನು ಅದರಲ್ಲಿ ಸೇರಿಸಿದೆವು. ಪತ್ರಿಕೆಯ ಪೂರ್ಣ ಪುಟವನ್ನು ಇಟ್ಟುಕೊಳ್ಳಬೇಕು, ತುಣುಕು ಕತ್ತರಿಸಿದರೆ ಪತ್ರಿಕೆಯ ಹೆಸರೂ ದಿನಾಂಕವೂ ಹೋಗುತ್ತವೆ. ಬಳಿಕ ಭಾರತದ ರಾಜ್ಯಪತ್ರದ 4ನೇ ಭಾಗದಲ್ಲಿ ಪ್ರಕಟಣೆಗೆ ಅರ್ಜಿ ಹೋಯಿತು. ಪೂರ್ಣ ಹೆಸರೇ ಬದಲಾದಾಗ ಆಧಾರ್‌ಗೆ ರಾಜ್ಯಪತ್ರದ ಪ್ರತಿ ಬೇಕಾಗುತ್ತದೆ, ಮತ್ತು ಅಲ್ಲಿ ಹೆಸರಿನ ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ. ಆಧಾರ್ ಆದ ಮೇಲೆ ಪ್ಯಾನ್, ನಂತರ ಬ್ಯಾಂಕು ಎಂಬ ಕ್ರಮವನ್ನು ಅನುಸರಿಸಿದೆವು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದೆ. ಅದನ್ನು ಬದಲಾಯಿಸಲು ಅಫಿಡವಿಟ್ ಒಂದೇ ಸಾಲದು. ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡುವ ಸಂದರ್ಭವೂ ಬರಬಹುದು. ಅವರು ಅದು ಬೇಡವೆಂದರು. ಉದ್ಯೋಗಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಪ್ರತಿಯ ಹಿಂದೆ ರಾಜ್ಯಪತ್ರದ ಪುಟವನ್ನೂ ಅಫಿಡವಿಟ್‌ನ ಪ್ರತಿಯನ್ನೂ ಲಗತ್ತಿಸುತ್ತಾರೆ.